ಕಸದ ಪುಸ್ತಕದ ಮೂವತ್ತೊಂದು ಚೌಕ

ಕಚೇರಿಯಲ್ಲಿ ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಅಲ್ಪವಿರಾಮ ಎಂದು ಕರೆಯುತ್ತಿದ್ದರು. ಮೂವತ್ತೆರಡು ವರ್ಷ ಟಪಾಲು ವಿಭಾಗದಲ್ಲಿ ಕೂತು, ಒಂದು ಅಲ್ಪವಿರಾಮ ತಪ್ಪಿದ ಕಾಗದವನ್ನೂ ವಾಪಸು ಕಳಿಸಿದವಳು ನಾನು. ಆ ಹೆಸರಿನ ಬಗ್ಗೆ ನನಗೆ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ನಾನು ಹೇಳುತ್ತಿದ್ದ ಮೊದಲ ಮಾತು ಒಂದೇ: ಓದದೆ ಸಹಿ ಹಾಕಬೇಡಿ. ನಿವೃತ್ತಳಾಗುವ ದಿನ ಹಾರ ಹಾಕಿದವರೂ ಅದೇ ಮಾತನ್ನು ಹೇಳಿ ನಕ್ಕರು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನ ಬಾಯಿಂದ ಬರುವುದು ಕಷ್ಟ.

ನಮ್ಮ ಬೀದಿಯಲ್ಲಿ ನಲವತ್ತೆರಡು ಮನೆ. ನಿವಾಸಿಗಳ ಸಂಘ ಎಂದು ಒಂದಿದೆ, ಅದಕ್ಕೆ ನಾನು ಕಾರ್ಯದರ್ಶಿ. ಅಧ್ಯಕ್ಷರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ದೊಡ್ಡ ಗಂಟಲು. ಕಸದ ಗಾಡಿ ದಿನ ಬಿಟ್ಟು ದಿನ, ನಾಲ್ಕು ದಿನಕ್ಕೊಮ್ಮೆ, ಕೊನೆಗೆ ವಾರಕ್ಕೊಮ್ಮೆ ಬರತೊಡಗಿದಾಗ ಮೊದಲು ಕೂಗಾಡಿದವರು ಅವರೇ. ಎರಡು ತಿಂಗಳಲ್ಲಿ ಬೀದಿಯ ಮೂಲೆಯ ವಿದ್ಯುತ್ ಕಂಬದ ಬುಡದಲ್ಲಿ ಸೊಂಟದೆತ್ತರದ ಗುಡ್ಡೆಯಾಯಿತು. ನಾಯಿಗಳು ಹರಿದ ಚೀಲಗಳನ್ನು ಎಲ್ಲರ ಗೇಟಿನವರೆಗೂ ಎಳೆದು ತಂದವು. ಮಕ್ಕಳು ಶಾಲೆಗೆ ಹೋಗುವಾಗ ಮೂಗು ಮುಚ್ಚಿ ಓಡುತ್ತಿದ್ದರು. ಎದುರು ಮನೆಯ ಸೊಸೆ ತನ್ನ ಅತ್ತೆಯ ಅಡುಗೆಗಿಂತ ಈ ವಾಸನೆಯೇ ವಾಸಿ ಎಂದು ನನ್ನ ಕಿವಿಯಲ್ಲಿ ಹೇಳಿದಳು, ಅದು ಅವರಿಬ್ಬರ ವ್ಯವಹಾರ.

ಸಂಘದ ಸಭೆಯಲ್ಲಿ ಅಧ್ಯಕ್ಷರು ಎದ್ದು ನಿಂತರು. "ನೇರ ಆಯುಕ್ತರಿಗೇ ಬರೀರಿ ಮೇಡಂ. ಪತ್ರಿಕೆಗೂ ಒಂದು ಪ್ರತಿ ಹಾಕಿ. ಈ ಕೆಳಗಿನವರ ಹತ್ರ ಏನು ಮಾತು."

"ನೇರ ಮೇಲಕ್ಕೆ ಹೋದ ಅರ್ಜಿ ನೇರ ಕೆಳಕ್ಕೇ ಬರುತ್ತೆ ಸಾರ್," ಎಂದೆ. "ಆಯುಕ್ತರು ಅದರ ಮೇಲೆ 'ವರದಿ ನೀಡಿ' ಅಂತ ಬರೀತಾರೆ. ಅದು ಆರೋಗ್ಯಾಧಿಕಾರಿ ಹತ್ರ ಬಂದು, ಅಲ್ಲಿಂದ ನಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರ ಮೇಜಿಗೆ ಬರೋ ಹೊತ್ತಿಗೆ ಒಂದು ತಿಂಗಳು. ಅದರ ಬದಲು ನಾವೇ ನಿರೀಕ್ಷಕರ ಮೂಲಕ ಕಳಿಸೋಣ. ಅವರು ಟಿಪ್ಪಣಿ ಬರೆದು ಮೇಲೆ ಕಳಿಸಲೇಬೇಕು. ಕಳಿಸದೆ ಇಟ್ಕೊಂಡ್ರೆ, ಅರ್ಜಿ ತಗೊಂಡಿದ್ದಕ್ಕೆ ಗುರುತಾಗಿ ನಮ್ಮ ಹತ್ರ ಆವಕ ಸಂಖ್ಯೆ ಇರುತ್ತೆ."

ಸಭೆ ನನ್ನ ಮಾತಿಗೆ ತಲೆದೂಗಿತು. ಕಾಗದದ ವಿಷಯದಲ್ಲಿ ಈ ಬೀದಿ ನನ್ನ ಮಾತು ಮೀರುವುದಿಲ್ಲ.

ಮೂರು ದಿನ ಕೂತು ಅರ್ಜಿ ಬರೆದೆ. ಇವರಿಗೆ, ಆಯುಕ್ತರು, ನಗರಪಾಲಿಕೆ. ಮೂಲಕ, ಆರೋಗ್ಯ ನಿರೀಕ್ಷಕರು ಹಾಗೂ ಆರೋಗ್ಯಾಧಿಕಾರಿಗಳು. ವಿಷಯ, ನಮ್ಮ ಬೀದಿಯಲ್ಲಿ ಕಳೆದ ಎರಡು ತಿಂಗಳಿಂದ ಕಸ ಸಂಗ್ರಹಣೆ ಅನಿಯಮಿತವಾಗಿರುವ ಬಗ್ಗೆ. ಲಗತ್ತು ಒಂದು, ನಲವತ್ತೆರಡು ಮನೆಯವರ ಸಹಿ. ಲಗತ್ತು ಎರಡು, ಗುಡ್ಡೆಯ ಫೋಟೋಗಳು. ಲಗತ್ತು ಮೂರು ನನ್ನ ಹೆಮ್ಮೆ. ದಿನಚರಿ ನೋಡಿಕೊಂಡು, ಗಾಡಿ ಬಂದ ದಿನ ಬಾರದ ದಿನ ಎರಡನ್ನೂ ತಾರೀಕು ಸಮೇತ ಪಟ್ಟಿ ಮಾಡಿ, ಪ್ರತಿ ಸಾಲಿನ ಕೊನೆಗೆ ನನ್ನ ಚಿಕ್ಕ ಸಹಿ ಹಾಕಿದ್ದೆ. ಅರವತ್ತೊಂದು ದಿನದಲ್ಲಿ ಗಾಡಿ ಬಂದದ್ದು ಹದಿನಾಲ್ಕು ದಿನ. ಎರಡನೇ ಪ್ರತಿಯ ಮೇಲೆ ಮೊಹರು, ಸಂಖ್ಯೆ, ತಾರೀಕು ಹಾಕಿಸಿಕೊಂಡು ಮನೆಗೆ ಬಂದಾಗ, ಸರ್ವೀಸಿನಲ್ಲಿದ್ದಾಗಲೂ ಇಷ್ಟು ಚೆಂದದ ಕಾಗದ ಬರೆದಿರಲಿಲ್ಲ ಅನ್ನಿಸಿತು.

ಮನೆ ಎಂದರೆ ನಾನು ಮತ್ತು ಅಮ್ಮ. ಅಮ್ಮನಿಗೆ ಎಂಬತ್ತೆಂಟು. ಮಂಚ ಬಿಟ್ಟು ಏಳುವುದಿಲ್ಲ, ರಾತ್ರಿ ನಿದ್ದೆಯೂ ಇಲ್ಲ. ನೀರು ಕೇಳುತ್ತಾಳೆ, ಮಗ್ಗುಲು ಬದಲಿಸು ಅನ್ನುತ್ತಾಳೆ, ಎಂದೋ ತೀರಿಹೋದ ತಂಗಿಯನ್ನು ಕೂಗುತ್ತಾಳೆ. ಬೆಳಗಿನ ಐದೂವರೆಗೆ ಅವಳ ಕಣ್ಣು ಮುಚ್ಚಿದರೆ ನನ್ನದೂ ಮುಚ್ಚುತ್ತದೆ. ನಮ್ಮಿಬ್ಬರ ರಾತ್ರಿ ಶುರುವಾಗುವುದೇ ಆಗ. ಅವಳ ಮಂಚ ಮುಂದಿನ ಕೋಣೆಯಲ್ಲಿದೆ, ಕರೆಗಂಟೆಯ ಡಬ್ಬಿ ಸರಿಯಾಗಿ ಅವಳ ತಲೆಯ ಮೇಲಿನ ಗೋಡೆಯಲ್ಲಿ. ಬೆಳಗಿನ ಜಾವ ಅದು ಹೊಡೆದುಕೊಂಡರೆ ಅಮ್ಮ ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿ ಕೇಳುತ್ತಾಳೆ, "ಯಾರು ಹೋದ್ರೇ?" ಅವಳ ಕಾಲದಲ್ಲಿ ಆ ಹೊತ್ತಿಗೆ ಬಾಗಿಲು ಬಡಿದವರೆಲ್ಲ ಸಾವಿನ ಸುದ್ದಿಯನ್ನೇ ತಂದವರು. ಒಮ್ಮೆ ಬೆಚ್ಚಿದರೆ ಆ ದಿನವೆಲ್ಲ ಅಳು.

ಇನ್ನು ಸೀಟಿಯ ವಿಷಯ. ಕಸದ ಗಾಡಿಯ ಹಿಂದೆ ನಡೆದು ಬಂದು ಬುಟ್ಟಿ ಎತ್ತಿ ಸುರಿಯುವ ಹೆಂಗಸು ಅವಳು. ಬೀದಿಯ ತುದಿಯಲ್ಲಿ ನಿಂತು ಸೀಟಿ ಊದುವುದರಿಂದ ಮಕ್ಕಳು ಇಟ್ಟ ಹೆಸರು, ಅವಳೂ ಅದಕ್ಕೇ ತಿರುಗಿ ನೋಡುತ್ತಿದ್ದಳು. ಮೂವತ್ತೈದರ ಆಸುಪಾಸು, ಮಾತು ಕಡಿಮೆ, ಒಣಕಸದಲ್ಲಿ ಹಸಿಕಸ ಸೇರಿಸಿದವರ ಮನೆ ಮುಂದೆ ಮಾತ್ರ ಬಾಯಿ ಬಿಡುತ್ತಿದ್ದಳು. ಅವಳ ಕಂಕುಳಲ್ಲಿ ಒಂದು ಉದ್ದನೆಯ ಪುಸ್ತಕ. ದಿನಾ ಬೆಳಗ್ಗೆ ನಿವಾಸಿಗಳ ಪರವಾಗಿ ಒಬ್ಬರು ಅದರಲ್ಲಿ ಸಹಿ ಹಾಕಬೇಕು, ಬೀದಿಗೊಬ್ಬರು. ನಮ್ಮ ಬೀದಿಗೆ ಕಾರ್ಯದರ್ಶಿ, ಅಂದರೆ ನಾನು. ಅದಕ್ಕಾಗಿ ಅವಳು ಆರು ಗಂಟೆಗೆ ನಮ್ಮ ಗಂಟೆ ಒತ್ತುತ್ತಿದ್ದಳು.

ಎಷ್ಟು ದಿನ ಸಹಿಸಲಿ. ಒಂದು ತಿಂಗಳ ಒಂದನೇ ತಾರೀಕು, ಅಮ್ಮ ಒಳಗೆ ಅಳುತ್ತಿರುವಾಗ, ಸೀಟಿಯ ಕೈಯಿಂದ ಪುಸ್ತಕ ಕಿತ್ತುಕೊಂಡೆ.

"ಇದೇನು, ನಿನ್ನ ಹಾಜರಿ ತಾನೆ?"

"ಹೂಂನಮ್ಮ. ದಿನಾ ಹಾಕಿಸ್ಕೊಂಡು ಬಾ ಅಂತಾರೆ."

"ನೀನು ಬರೋದು ನನಗೆ ಗೊತ್ತಿಲ್ವಾ? ತಗೋ, ತಿಂಗಳಿಗಾಗೋಷ್ಟು ಹಾಕಿಕೊಡ್ತೀನಿ. ಇನ್ನು ಗಂಟೆ ಒತ್ತಿದ್ರೆ ನೋಡು."

ಅವಳು ಅನುಮಾನಿಸಿದಳು. "ಹಂಗೆಲ್ಲ ಹಾಕಬೋದಾಮ್ಮ?"

"ನಾನು ಹಾಕಿದ್ರೆ ಹಾಕಬಹುದು," ಎಂದೆ. ಇದೇ ಬಾಯಿಂದ ಅಂದೆ. ಬಾಗಿಲ ಚೌಕಟ್ಟಿಗೆ ಪುಸ್ತಕ ಒತ್ತಿ ಹಿಡಿದು, ಮೂವತ್ತೊಂದು ಚೌಕಕ್ಕೂ ಒಂದೇ ಉಸಿರಿನಲ್ಲಿ ಸಹಿ ಹಾಕಿದೆ. ಪುಟದ ತಲೆಬರಹ ಓದಲಿಲ್ಲ. ಮುಂದಿನ ತಿಂಗಳು ಒಂದನೇ ತಾರೀಕು ಅವಳು ಸಂಜೆ ಹೊತ್ತು, ಗಾಡಿಯಿಲ್ಲದೆ ನಡೆದೇ ಬಂದಳು. "ಗಾಡಿ ಎಲ್ಲೇ? ವಾರ ಆಯ್ತು" ಎಂದು ಚೆನ್ನಾಗಿ ಬೈದೆ. ಬೈಯುತ್ತಲೇ ಸಹಿ ಹಾಕಿದೆ. ಅದರ ಮುಂದಿನ ಒಂದನೇ ತಾರೀಕೂ ಹಾಗೆಯೇ. ಅದಾಗಿ ಮೂರೇ ದಿನಕ್ಕೆ ನನ್ನ ಚೆಂದದ ಅರ್ಜಿ ನಿರೀಕ್ಷಕರ ಕಚೇರಿಗೆ ಹೋಯಿತು. ಕೊರಿಯರ್‌ನವನ ಚೀಟಿಗೆ ಗೀಚುವುದನ್ನು ನಾವು ನೆನಪಿಟ್ಟುಕೊಳ್ಳುತ್ತೇವೆಯೇ? ನನಗೆ ಈ ಪುಸ್ತಕವೂ ಅಷ್ಟೇ ಆಗಿತ್ತು. ದೇವರಾಣೆಗೂ ನೆನಪಿಗೆ ಬರಲಿಲ್ಲ.

ಹದಿನೆಂಟನೇ ತಾರೀಕು ಹನ್ನೊಂದು ಗಂಟೆಗೆ ಖುದ್ದು ವಿಚಾರಣೆ ಎಂದು ನೋಟಿಸು ಬಂತು. ಪಕ್ಕದ ಮನೆಯವರನ್ನು ಅಮ್ಮನ ಹತ್ತಿರ ಕೂರಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಡತ ಹಿಡಿದು ಹೊರಟೆ. ಅಧ್ಯಕ್ಷರೂ ಬಂದರು.

ಆರೋಗ್ಯಾಧಿಕಾರಿಯ ಕೋಣೆ ಎರಡನೇ ಮಹಡಿಯಲ್ಲಿ. ಗೋಡೆಗೆ ವಾರ್ಡುಗಳ ನಕ್ಷೆ, ಮೂಲೆಯಲ್ಲಿ ಸೊಳ್ಳೆ ಔಷಧಿಯ ಡಬ್ಬಗಳು, ಮೇಜಿನ ಮೇಲೆ ಕಡತದ ರಾಶಿ. ಅಧಿಕಾರಿ ನಲವತ್ತು ದಾಟದ ಡಾಕ್ಟರಮ್ಮ. ಕಣ್ಣು ಬಳಲಿದ್ದವು, ಮಾತು ನೇರ. ನಮ್ಮ ಅರ್ಜಿ ಅವರ ಮುಂದೆ ತೆರೆದಿತ್ತು. ಪಕ್ಕದಲ್ಲಿ ನಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕ, ಮಡಿಲಲ್ಲಿ ಬಟ್ಟೆಯ ಚೀಲ, ಮುಖದಲ್ಲಿ ಮದುವೆಗೆ ಬಂದವರ ಕಳೆ. ಆ ಕಳೆ ನೋಡಿ ನನಗೆ ಸಿಟ್ಟು ಬಂತು.

"ಅರ್ಜಿ ಬಹಳ ಕ್ರಮವಾಗಿದೆ," ಎಂದರು ಡಾಕ್ಟರಮ್ಮ. "ಇಂಥ ಅರ್ಜಿ ನಾನು ನೋಡೇ ಇಲ್ಲ."

ನಾನು ಉಬ್ಬಿದೆ.

"ಆದರೆ ನಿರೀಕ್ಷಕರ ವರದಿ ಬೇರೆ ಹೇಳುತ್ತೆ. ಓದ್ತೀನಿ. 'ಪರಿಶೀಲಿಸಲಾಗಿ, ಸದರಿ ಬೀದಿಯಲ್ಲಿ ದಿನಂಪ್ರತಿ ಕಸ ಸಂಗ್ರಹಣೆ ನಡೆಯುತ್ತಿರುವುದು ಕಂಡುಬಂದಿರುತ್ತದೆ. ನಿವಾಸಿಗಳ ಪ್ರತಿನಿಧಿಯು ಪ್ರತಿದಿನ ದೃಢೀಕರಿಸಿದ ಪುಸ್ತಕವನ್ನು ಹಾಜರುಪಡಿಸಲಾಗಿದೆ. ಅರ್ಜಿಯನ್ನು ಮುಕ್ತಾಯಗೊಳಿಸಬಹುದು.'"

"ಸುಳ್ಳು," ಎಂದರು ಅಧ್ಯಕ್ಷರು. "ಯಾವ ಪ್ರತಿನಿಧಿ? ಯಾವ ಪುಸ್ತಕ?"

ನಿರೀಕ್ಷಕರು ಚೀಲದಿಂದ ಪುಸ್ತಕ ತೆಗೆದು, ಪುಟ ಹುಡುಕಿ, ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟರು. ಉದ್ದನೆಯ ಪುಸ್ತಕ. ಮೂಲೆಗೆ ಎಣ್ಣೆಯ ಕಲೆ.

ಅದನ್ನು ಹತ್ತಿರಕ್ಕೆ ಎಳೆದುಕೊಂಡೆ.

ತಲೆಬರಹವನ್ನು ಅಂದು ಮೊದಲ ಸಲ ಓದಿದೆ. ದಪ್ಪ ಅಕ್ಷರ, ಕುರುಡರಿಗೂ ಕಾಣುವಂಥದ್ದು. 'ಈ ದಿನ ನಮ್ಮ ಬೀದಿಗೆ ವಾಹನ ಬಂದು ಎಲ್ಲಾ ಮನೆಗಳ ಕಸ ಸಂಗ್ರಹಿಸಿರುತ್ತದೆ ಎಂದು ದೃಢೀಕರಿಸುತ್ತೇನೆ.' ಅದರ ಕೆಳಗೆ ಒಂದರಿಂದ ಮೂವತ್ತರವರೆಗೆ ಚೌಕಗಳು. ಚೌಕಗಳಲ್ಲಿ ನಾನು. ಸಾಲು ಸಾಲಾಗಿ ನಾನೇ.

ಹಾಜರಿ ಪುಸ್ತಕವಲ್ಲ. ಅವಳು ಬಂದಳು ಎಂದಲ್ಲ ನಾನು ಸಹಿ ಹಾಕಿದ್ದು, ಗಾಡಿ ಬಂತು ಎಂದು.

ಡಾಕ್ಟರಮ್ಮ ನಮ್ಮ ಅರ್ಜಿಯ ಮೂರನೇ ಲಗತ್ತನ್ನು ಎಳೆದು ಪುಸ್ತಕದ ಪಕ್ಕದಲ್ಲಿ ಇಟ್ಟರು. ನನ್ನ ಹೆಮ್ಮೆಯ ಪಟ್ಟಿ. ಬೆರಳಿಟ್ಟು ಓದಿದರು. "ಎಂಟನೇ ತಾರೀಕು, ಗಾಡಿ ಬಂದಿಲ್ಲ, ಸಹಿ. ಇಲ್ಲಿ ಎಂಟನೇ ತಾರೀಕು, ಗಾಡಿ ಬಂದಿದೆ, ಸಹಿ. ಒಂಬತ್ತು, ಬಂದಿಲ್ಲ. ಒಂಬತ್ತು, ಬಂದಿದೆ." ತಲೆಯೆತ್ತಿದರು. "ಎರಡೂ ಒಬ್ಬರದೇ ಸಹಿ ಥರ ಕಾಣುತ್ತೆ. ನಾನು ಯಾವುದನ್ನ ನಂಬಲಿ?"

ಬೇಲಿಯೇ ಎದ್ದು ಹೊಲ ಮೇಯಿತು ಎಂದು ಗಾದೆ ಹೇಳುತ್ತಾರಲ್ಲ, ಆ ಬೇಲಿಗೆ ತಾನು ಮೇಯುತ್ತಿದ್ದೇನೆ ಎಂದೇ ಗೊತ್ತಿರಲಿಲ್ಲ.

ಅಧ್ಯಕ್ಷರು ಬಗ್ಗಿ ನೋಡಿ ನೆಟ್ಟಗಾದರು. "ಖೋಟಾ ಸಹಿ," ಎಂದರು. "ಸ್ಪಷ್ಟವಾಗಿ ಖೋಟಾ. ನಮ್ಮ ಮೇಡಂ ಎಂಥವರು ಅಂತ ಇಡೀ ವಾರ್ಡಿಗೆ ಗೊತ್ತು. ಅಕ್ಷರ ಓದದೆ ಪೆನ್ನು ಮುಟ್ಟಲ್ಲ ಅವರು."

ನಿರೀಕ್ಷಕರು ಇದಕ್ಕೇ ಕಾದಿದ್ದವರಂತೆ ಸರಕ್ಕನೆ ತಿರುಗಿದರು. "ಹಾಗಿದ್ರೆ ಬರೆದು ಕೊಡಲಿ ಸಾರ್. ಪುಸ್ತಕ ಇರೋದು ಕಸ ತುಂಬೋ ಆ ಲೋಡರ್ ಕೈಯಲ್ಲಿ, ಸಹಿ ಮಾಡಿಸೋದೂ ಅವಳೇ. ಡ್ರೈವರ್ ಹೇಳಿಕೆ ತಗೊಂಡಿದೀನಿ, ತನಗೇನೂ ಗೊತ್ತಿಲ್ಲ ಅಂತಾನೆ. ಖೋಟಾ ಅಂದ್ರೆ ಅವಳದೇ ಕೆಲಸ. ಇವತ್ತೇ ಕೆಲಸದಿಂದ ತೆಗೆಸ್ತೀನಿ, ಪೊಲೀಸ್ ದೂರೂ ಕೊಡ್ತೀನಿ. ಅವಳನ್ನ ಕರೆಸಿದೀನಿ, ಹೊರಗೇ ಇದಾಳೆ."

ಬಾಗಿಲು ತೆರೆದರು. ಸೀಟಿ ಒಳಗೆ ಬಂದು ಗೋಡೆಗೆ ಒತ್ತಿ ನಿಂತಳು. ಕೈಗವಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕಣ್ಣು ಪುಸ್ತಕದ ಮೇಲೆ ಬಿತ್ತು, ಆಮೇಲೆ ನನ್ನ ಮೇಲೆ. ಅವಳಿಗೆ ಎಲ್ಲವೂ ಅರ್ಥವಾಯಿತು ಎಂದು ನನಗೆ ಗೊತ್ತಾಯಿತು. 'ಈ ಅಮ್ಮನೇ ಹಾಕಿದ್ದು' ಎಂದು ಒಂದು ಮಾತು ಅವಳು ಆಡಬಹುದಿತ್ತು. ಆಡಲಿಲ್ಲ. ಆಡಿದರೂ ಆ ಕೋಣೆಯಲ್ಲಿ ಯಾರು ನಂಬುತ್ತಿದ್ದರು? ಅಲ್ಪವಿರಾಮ ತಪ್ಪಿದ್ದಕ್ಕೆ ಕಾಗದ ವಾಪಸು ಕಳಿಸುವವಳು, ಕಸ ಎತ್ತುವವಳು, ಇಬ್ಬರಲ್ಲಿ ಯಾರ ಮಾತಿಗೆ ತೂಕ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಿಜ ಹೇಳುತ್ತೇನೆ, ಆ ತೂಕ ನೆನೆದು ಒಂದು ಗಳಿಗೆ ನನಗೆ ಧೈರ್ಯ ಬಂತು. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಿರೀಕ್ಷಕರು ಬಿಳಿ ಹಾಳೆ, ಪೆನ್ನು ನನ್ನ ಮುಂದಿಟ್ಟರು. "ಎರಡೇ ಸಾಲು ಮೇಡಂ. 'ಸದರಿ ಸಹಿಗಳು ನನ್ನವಲ್ಲ.' ಅಷ್ಟು ಸಾಕು."

"ಬರೀರಿ," ಎಂದರು ಅಧ್ಯಕ್ಷರು. ಆಮೇಲೆ ದನಿ ತಗ್ಗಿಸಿ, "ಇಲ್ಲದಿದ್ರೆ ನಲವತ್ತೆರಡು ಮನೆ ಅರ್ಜಿ ಕಸದ ಬುಟ್ಟಿಗೆ ಹೋಗುತ್ತೆ ಮೇಡಂ."

ಪೆನ್ನು ಹಿಡಿದೆ. ಎರಡು ಸಾಲು ಬರೆದರೆ ಅರ್ಜಿ ಉಳಿಯುತ್ತದೆ, ನನ್ನ ಮಾನ ಉಳಿಯುತ್ತದೆ, ಇವಳ ಕೆಲಸ ಹೋಗುತ್ತದೆ. ಬರೆಯದಿದ್ದರೆ ಗುಡ್ಡೆ ಅಲ್ಲೇ ಇರುತ್ತದೆ, ನಾನು ಬೀದಿಯಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಹಾಳೆ ನೋಡಿದೆ. ಅಭ್ಯಾಸಬಲದಿಂದ ಮೇಲ್ಗಡೆ ತಾರೀಕು ಬರೆದೆ. ಹದಿನೆಂಟು.

ಹದಿನೆಂಟು ಎಂದು ಬರೆದ ಮೇಲೆ ಕೈ ನಿಂತಿತು.

"ಈ ತಿಂಗಳ ಪುಟ ತೆಗೀರಿ," ಎಂದೆ.

ನಿರೀಕ್ಷಕರು ಕೇಳಿಸದವರಂತೆ ಕೂತರು. ಡಾಕ್ಟರಮ್ಮ ತಾವೇ ಪುಟ ಮಗುಚಿದರು. ಒಂದರಿಂದ ಹದಿನೆಂಟು. ಅಲ್ಲಿಗೆ ನಿಲ್ಲಲಿಲ್ಲ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ತಿಂಗಳ ಕೊನೆಯ ಚೌಕದವರೆಗೆ ನನ್ನ ಸಹಿ.

"ನಾಳೆಯ ಗಾಡಿಯೂ ಬಂದು ಹೋಗಿದೆ ನೋಡಿ," ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು. "ಈ ಸಹಿಗಳು ಖೋಟಾ ಅಲ್ಲ. ಮೂರೂ ತಿಂಗಳದ್ದು ನಾನೇ ಹಾಕಿದ್ದು. ಒಂದನೇ ತಾರೀಕು, ಒಂದೇ ಸಲಕ್ಕೆ. ಇವಳು ಬೇಡ ಅಂದ್ರೂ ಕಿತ್ಕೊಂಡು ಹಾಕಿದೆ. ಓದದೆ ಹಾಕಿದೆ."

ಅಧ್ಯಕ್ಷರು ತಮ್ಮ ಕುರ್ಚಿಯನ್ನು ನನ್ನಿಂದ ಒಂದು ಗೇಣು ಆಚೆಗೆ ಸರಿಸಿದರು.

ಡಾಕ್ಟರಮ್ಮ ಪುಟದ ಅಡಿಯಲ್ಲಿ ಬೆರಳಿಟ್ಟರು. ಅಲ್ಲಿ ಇನ್ನೊಂದು ಸಾಲು ಅಚ್ಚಾಗಿತ್ತು, 'ತಿಂಗಳಾಂತ್ಯದಲ್ಲಿ ಸ್ಥಳ ಪರಿಶೀಲಿಸಿ ದೃಢೀಕರಿಸಿದೆ'. ಅದರ ಕೆಳಗೆ ನಿರೀಕ್ಷಕರ ಮೊಹರು, ಸಹಿ, ಮೂವತ್ತೊಂದನೇ ತಾರೀಕು. ಇನ್ನೂ ಹದಿಮೂರು ದಿನವಿದೆ ಆ ತಾರೀಕಿಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಿರೀಕ್ಷಕರ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು. ಮದುವೆಗೆ ಬಂದ ಕಳೆ ಹೋಗಿತ್ತು.

"ಉಳಿದ ಬೀದಿಗಳ ಪುಟ ತೋರಿಸಿ," ಎಂದರು ಡಾಕ್ಟರಮ್ಮ.

ಅದೇ ಪುಸ್ತಕದಲ್ಲೇ ಇದ್ದವು, ಹಿಂದಿನ ಭಾಗದಲ್ಲಿ. ಅವರು ಒಂದೊಂದೇ ಮಗುಚಿದರು. ಎರಡನೇ ಬೀದಿ, ಮೂವತ್ತೊಂದು ಸಹಿ. ಮೂರನೇ ಬೀದಿ, ಮೂವತ್ತೊಂದು. ನಾಲ್ಕನೇ ಬೀದಿಯ ಪುಟಕ್ಕೆ ಬಂದಾಗ ನನ್ನ ಬಾಯಿಂದ ಸಣ್ಣ ಕೂಗು ಹೊರಟಿತು. ಅದು ನಾಲ್ಕನೇ ಬೀದಿಯ ದರ್ಜಿಯ ಸಹಿ, ಬಾಲವನ್ನು ಉದ್ದಕ್ಕೆ ಎಳೆಯುವ ಅವರ ಸಹಿ ನನಗೆ ಗೊತ್ತು. ಏಳನೇ ತಾರೀಕು ಹೃದಯಾಘಾತವಾಗಿ ತೀರಿಕೊಂಡಿದ್ದರು. ನಾನೇ ಹೋಗಿ ಅವರ ಹೆಂಡತಿಯ ಪಕ್ಕ ಕೂತು ಬಂದಿದ್ದೆ. ಎಂಟನೇ ತಾರೀಕು ದರ್ಜಿ ಕಸ ಕೊಟ್ಟಿದ್ದರು. ಹದಿನೆಂಟನೇ ತಾರೀಕೂ ಕೊಟ್ಟಿದ್ದರು. ತಿಂಗಳ ಕೊನೆಯವರೆಗೂ ಕೊಡುವವರಿದ್ದರು.

"ಇವರು ಹೋಗಿ ಹನ್ನೊಂದು ದಿನ ಆಯ್ತು," ಎಂದೆ.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಬರೆಯತೊಡಗಿದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು. ಮುಂಗಡ ಸಹಿಗಳೆಲ್ಲ ಅಸಿಂಧು. ಪುಸ್ತಕ ಜಪ್ತಿ. ನಿರೀಕ್ಷಕರು ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕು. ಗುತ್ತಿಗೆದಾರನಿಗೆ ನೋಟಿಸು, ಡ್ರೈವರನ್ನು ಈ ವಾರ್ಡಿನಿಂದ ಬದಲಿಸಬೇಕು. ನಾಳೆಯಿಂದ ಹೊಸ ಪುಸ್ತಕ, ವಾಹನವನ್ನು ಕಣ್ಣಾರೆ ಕಂಡ ಮೇಲೆಯೇ, ಆ ದಿನದ್ದು ಮಾತ್ರ ಸಹಿ. ಅರ್ಜಿಯನ್ನು ವರದಿ ಸಮೇತ ಆಯುಕ್ತರಿಗೆ ಕಳಿಸುವುದು.

"ಮತ್ತೆ ಇವಳು?" ಎಂದೆ, ಸೀಟಿಯ ಕಡೆ ನೋಡಿ.

"ನಿಮ್ಮ ಹೇಳಿಕೆ ಮೇಲೆ ನಿಂತಿದೆ," ಎಂದರು. "ಬಾಯಲ್ಲಿ ಹೇಳಿದ್ದು ಸಾಲದು. ಬರೆದು ಕೊಡಿ."

ತಾರೀಕು ಮಾತ್ರ ಬರೆದಿದ್ದ ಆ ಹಾಳೆಯಲ್ಲೇ ಬರೆದೆ. ಒಂದೂವರೆ ಪುಟವಾಯಿತು. ಬರೆದು, ಎರಡು ಸಲ ಓದಿ, ಸಹಿ ಹಾಕಿದೆ.

ಮೆಟ್ಟಿಲಲ್ಲಿ ಅಧ್ಯಕ್ಷರು ನನಗಿಂತ ನಾಲ್ಕು ಮೆಟ್ಟಿಲು ಮುಂದೆ ಇಳಿಯುತ್ತಿದ್ದರು. ತಿರುಗದೆಯೇ ಹೇಳಿದರು, "ರಾಜೀನಾಮೆ ಸಂಜೆಗೆ ಕಳಿಸಿಬಿಡಿ ಮೇಡಂ. ಸಭೆ ಕರೆದು ನಿಮ್ಮನ್ನ ತೆಗೆಯೋದು ನನಗೂ ಚೆನ್ನಾಗಿರಲ್ಲ." ನಾನು ಹೂಂ ಎಂದೆ. ಊರಿಗೆಲ್ಲ ಉಪದೇಶ ಮಾಡಿದವಳಿಗೆ ಇಷ್ಟಾದರೂ ಬೇಡವೇ.

ಕೆಳಗೆ, ಗೇಟಿನ ಹತ್ತಿರ, ಸೀಟಿ ಕೈಗವಸು ಹಾಕಿಕೊಳ್ಳುತ್ತಾ ನಿಂತಿದ್ದಳು. ನಾನು ಹತ್ತಿರ ಹೋಗಿ ನಿಂತೆ.

"ನಿನ್ನ ಹೆದರಿಸಿ ಹಾಕಿದೆನಲ್ಲೇ. ಅದು ಹಾಜರಿ ಅಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

"ನಂಗೇನು ಗೊತ್ತಮ್ಮ. ಓದೋಕೆ ಬರಲ್ಲ ನಂಗೆ. ಹಾಜರಿ ಅಂತ ಡ್ರೈವರಣ್ಣ ಹೇಳಿದ್ರು, ನೀವೂ ಹಂಗೇ ಅಂದ್ರಿ. ಓದಿದೋರು ನೀವು."

ಕೈಗವಸಿನ ಬೆರಳು ಸರಿಮಾಡಿಕೊಳ್ಳುತ್ತಾ ಅವಳೇ ಮುಂದುವರಿಸಿದಳು. ಬೈಗುಳವಿಲ್ಲ, ದೂರಿಲ್ಲ, ಯಾರೋ ಕೇಳಿದ್ದಕ್ಕೆ ದಾರಿ ಹೇಳುವ ದನಿ.

"ಮೊದಲು ನೀವೇ ಹಾಕಿದ್ದಮ್ಮ. ಅಲ್ಲೀವರೆಗೂ ಯಾರೂ ಹಂಗೆ ಹಾಕಿರಲಿಲ್ಲ. ನಾನು ಪುಸ್ತಕ ಕೊಟ್ಟಾಗ ಡ್ರೈವರಣ್ಣ ನೋಡಿ ನಕ್ರು. ಈ ಬೀದೀದು ತಿಂಗಳು ಪೂರ್ತಿ ಮುಗೀತು, ಇನ್ಯಾಕೆ ದಿನಾ ಹೋಗ್ಬೇಕು ಅಂದ್ರು. ಗಾಡೀನ ದುಡ್ಡು ಕೊಡೋ ಹೋಟೆಲುಗಳ ಕಸಕ್ಕೆ ತಿರುಗಿಸಿದ್ರು. ಆಮೇಲೆ, ಎಲ್ಲಾ ಬೀದೀಗೂ ಹೋಗು, ಈ ಪುಟ ತೋರಿಸಿ ಕೇಳು ಅಂದ್ರು. ತೋರಿಸಿದೆ. ಬೇರೆಯೋರು ಯಾರಾದ್ರೂ ಆಗಿದ್ರೆ ಹಾಕ್ತಿರಲಿಲ್ವೇನೋ. ಆ ಮೇಡಮ್ಮನೇ ಹಾಕಿದಾರೆ ಅಂದ್ರೆ ಸರಿನೇ ಇರುತ್ತೆ ಬಿಡು ಅಂದ್ರು ಎಲ್ಲಾರೂ. ಟೈಲರಣ್ಣನೂ ಹಂಗೇ ಅಂದ್ರು."

ಗೇಟಿನ ಕಬ್ಬಿಣ ಹಿಡಿದುಕೊಂಡೆ. ಕಳೆದ ಎರಡು ತಿಂಗಳಿಂದ ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆದಿದ್ದೆ. ಅರ್ಜಿ ಕೊಟ್ಟದ್ದು ನಾಲ್ಕನೇ ತಾರೀಕು. ಬೆರಳು ಮಡಚಿ ಲೆಕ್ಕ ಹಾಕಿದೆ. ಎರಡು ತಿಂಗಳ ಹಿಂದೆ ಏನಾಗಿತ್ತು ಎಂದು ಆ ನಲವತ್ತೆರಡು ಮನೆಯವರಲ್ಲಿ ಒಬ್ಬರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಾಯಿಗಳು ಎಳೆದು ತಂದ ಚೀಲ, ಮೂಗು ಮುಚ್ಚಿ ಓಡುವ ಮಕ್ಕಳು, ಕಂಬದ ಬುಡದ ಆ ಗುಡ್ಡೆ, ನಮ್ಮ ಬೀದಿಯದಷ್ಟೇ ಅಲ್ಲ, ಇಡೀ ವಾರ್ಡಿನದು, ನನ್ನ ಬಾಗಿಲ ಚೌಕಟ್ಟಿನ ಮೇಲೆ ಒಂದೇ ಉಸಿರಿನಲ್ಲಿ ಶುರುವಾಗಿತ್ತು. ಸರಿಯಾದ ಮಾರ್ಗದಲ್ಲಿ ಅರ್ಜಿ ಕಳಿಸಿದೆ ಎಂದು ಬೀಗಿದ್ದೆನಲ್ಲ, ಅದು ಸರಿಯಾದ ವಿಳಾಸಕ್ಕೇ ಬಂದು ತಲುಪಿತ್ತು.

"ಕೂತ್ಕೊಳ್ಳಮ್ಮ," ಎಂದಳು ಸೀಟಿ. "ಮುಖ ಬಿಳುಚ್ಕೊಂಡಿದೆ."

"ಬೇಡ," ಎಂದೆ. "ನಾಳೆ ನಿಮ್ಮ ಹೊಸ ಪುಸ್ತಕ ಬರುತ್ತಲ್ಲ. ಕಾರ್ಯದರ್ಶಿ ಬದಲಾಗ್ತಾರೆ. ಯಾರ ಮನೆ ಗಂಟೆ ಒತ್ತಬೇಕು ಅಂತ ಅಧ್ಯಕ್ಷರು ಹೇಳ್ತಾರೆ."

ಸಂಜೆ ರಾಜೀನಾಮೆ ಬರೆದುಕೊಂಡು ಅಧ್ಯಕ್ಷರ ಮನೆಗೆ ಹೋದೆ. ಅಲ್ಲಿ ಆಗಲೇ ಎಂಟು ಹತ್ತು ಜನ ಸೇರಿದ್ದರು. ನನ್ನ ಮುಖ ನೋಡಲು ಯಾರಿಗೂ ಮನಸ್ಸಿರಲಿಲ್ಲ. ಕಾರ್ಯದರ್ಶಿ ಕೆಲಸಕ್ಕೆ ಎದುರು ಮನೆಯ ಸೊಸೆ ಒಪ್ಪಿದ್ದಳು. ಬೆಳಗ್ಗೆ ಆರಕ್ಕೆ ಎದ್ದು ಸಹಿ ಹಾಕುವವರು ಯಾರು ಎಂಬ ಮಾತು ಬಂದಾಗ ಮಾತ್ರ ಎಲ್ಲರಿಗೂ ಒಂದೊಂದು ತಾಪತ್ರಯ. ಒಬ್ಬರಿಗೆ ರಾತ್ರಿ ಪಾಳಿ, ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಮಗುವಿನ ಶಾಲೆ. ಅಧ್ಯಕ್ಷರಿಗೆ ಆ ಹೊತ್ತಿನಲ್ಲಿ ವಾಕಿಂಗ್.

"ನಾನೇ ಹಾಕ್ತೀನಿ," ಎಂದೆ. "ನನ್ನ ಮನೆ ಗಂಟೆಯೇ ಒತ್ತಲಿ."

ಒಬ್ಬರೂ ಬೇಡ ಎನ್ನಲಿಲ್ಲ. ನಾನು ಅದಕ್ಕೆ ಯೋಗ್ಯಳು ಎಂದೋ, ಅದು ನನಗೆ ಶಿಕ್ಷೆ ಎಂದೋ, ಅವರು ಏನೆಂದುಕೊಂಡರೋ ಗೊತ್ತಿಲ್ಲ. ಮನೆಗೆ ಬಂದು ಸ್ಟೂಲು ಹತ್ತಿ ಗಂಟೆಯ ಡಬ್ಬಿಯೊಳಗೆ ಬಟ್ಟೆ ತುರುಕಿ ನೋಡಿದೆ. ಸದ್ದೇ ಬರಲಿಲ್ಲ. ಸದ್ದು ಬರದಿದ್ದರೆ ನಾನೂ ಏಳುವುದಿಲ್ಲ. ಬಟ್ಟೆ ತೆಗೆದೆ.

ಮರುದಿನ ಆರಕ್ಕೆ ಐದು ನಿಮಿಷವಿರುವಾಗ ಬೀದಿಯ ತುದಿಯಲ್ಲಿ ಸೀಟಿ ಕೇಳಿಸಿತು, ಹಿಂದೆಯೇ ಗಾಡಿಯ ಸದ್ದು. ಅಮ್ಮ ಆಗ ತಾನೇ ನಿದ್ದೆಗೆ ಜಾರಿದ್ದಳು. ನಾನು ಎದ್ದು ಬಾಗಿಲಿಗೆ ಓಡುವಷ್ಟರಲ್ಲಿ ಗಂಟೆ ಹೊಡೆದುಕೊಂಡಿತು. ಅಮ್ಮ ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿದಳು.

"ಯಾರು ಹೋದ್ರೇ?"

ಅವಳ ಕೈ ಹಿಡಿದೆ. ಮಂಜುಗಡ್ಡೆಯಂತೆ ತಣ್ಣಗಿತ್ತು. ದರ್ಜಿಯ ಉದ್ದ ಬಾಲದ ಸಹಿ ಕಣ್ಣ ಮುಂದೆ ಬಂತು.

"ಯಾರೂ ಹೋಗಿಲ್ಲಮ್ಮ. ಕಸದ ಗಾಡಿ ಬಂದಿದೆ."

"ನಿಜವಾಗ್ಲೂ ಬಂದಿದ್ಯಾ?"

"ಇರು, ನೋಡಿ ಬರ್ತೀನಿ," ಎಂದು ಹೇಳಿ, ಕನ್ನಡಕ ಹಾಕಿಕೊಂಡು ಹೊರಗೆ ಹೋದೆ.